"ನಿಮ್ಮ ರೇಟ್ ಜಾಸ್ತಿ ಆಯ್ತು" ಅಂದ್ರೆ ನಂಬಬೇಡಿ: ಟೆಂಡರ್ ಕೈತಪ್ಪಿದ ಮೇಲೆ ಡಿಬ್ರೀಫ್ ಕೇಳೋದು

(ಪೀಣ್ಯದಲ್ಲಿ ಸಣ್ಣ ಉದ್ಯಮಿಗಳು ಸೇರಿದ್ದ ಒಂದು ಸಭೆಲಿ ಮಾತಾಡಿದ್ದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ, ಅಲ್ಲಲ್ಲಿ ವಾಕ್ಯ ಸರಿ ಮಾಡಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ.)

ಎಲ್ಲರಿಗೂ ನಮಸ್ಕಾರ. ನಾನು ಬಹಳ ವರ್ಷ ಕಂಪನಿಗಳ ಪರ್ಚೇಸ್ ಡಿಪಾರ್ಟ್‌ಮೆಂಟಲ್ಲಿ ಕೂತು ನಿಮ್ಮಂಥೋರ ಕೊಟೇಶನ್ ಓದಿದೋನು, ಈಗ ಆ ಕಡೆಯಿಂದ ಈ ಕಡೆ ಬಂದು ಸಣ್ಣ ಕಂಪನಿಗಳಿಗೆ ಬಿಡ್ ರೆಡಿ ಮಾಡೋಕೆ ಸಹಾಯ ಮಾಡ್ತಿದೀನಿ. ಇವತ್ತು ಮಾತಾಡೋದು ಒಂದೇ ವಿಷಯ. ಟೆಂಡರ್ ಕೈತಪ್ಪಿದ ಮೇಲೆ, ಅದನ್ನ ಕರೆದೋರ ಹತ್ರಾನೇ ಹೋಗಿ, ನಮ್ದು ಎಲ್ಲಿ ಕಮ್ಮಿ ಬಿತ್ತು ಅಂತ ನೇರವಾಗಿ ಕೇಳಿ ತಿಳ್ಕೊಳ್ಳೋದು. ಡಿಬ್ರೀಫ್ ಅಂತಾರೆ ಅದಕ್ಕೆ.

ಈ ಹಾಲಲ್ಲಿ ಎಷ್ಟು ಜನ ಇದುವರೆಗೂ ಹಾಗೆ ಕೇಳಿದೀರ, ಕೈ ಎತ್ತಿ ನೋಡೋಣ. ಹಾಂ, ನಾಲ್ಕೈದು ಕೈ. ಏನು ಉತ್ತರ ಬಂತು? ನೋಡಿ, ಎಲ್ಲರದ್ದೂ ಒಂದೇ, "ನಿಮ್ಮ ರೇಟ್ ಸ್ವಲ್ಪ ಜಾಸ್ತಿ ಆಯ್ತು ಸಾರ್." ಇನ್ನು ಕೈ ಎತ್ತದೇ ಇರೋರು ಯಾಕೆ ಕೇಳಲಿಲ್ಲ ಅಂದ್ರೆ ಅದಕ್ಕೂ ಉತ್ತರ ನಂಗೆ ಗೊತ್ತು, "ಅದು ಮೊದಲೇ ಫಿಕ್ಸ್ ಆಗಿತ್ತು ಬಿಡಿ." ಈ ಎರಡು ಮಾತು ಹೇಳ್ಕೊಂಡು ನಮ್ಮೂರಲ್ಲಿ ಎಷ್ಟೋ ಕಂಪನಿಗಳು ಅದೇ ಬಿಡ್‌ನ ಹೆಸರು ತಾರೀಖು ಬದಲಾಯಿಸಿ ಮುಂದಿನ ಟೆಂಡರ್‌ಗೆ ಹಾಕ್ತಾನೇ ಇರ್ತಾವೆ, ಸೋಲ್ತಾನೇ ಇರ್ತಾವೆ.

ಮೊದಲು ಈ ರೇಟ್ ಜಾಸ್ತಿ ಅನ್ನೋ ಉತ್ತರದ ಗುಟ್ಟು ಹೇಳ್ಬಿಡ್ತೀನಿ, ಯಾಕಂದ್ರೆ ನಾನೇ ಆ ಕುರ್ಚಿಲಿ ಕೂತಿದ್ದಾಗ ಇದನ್ನ ಹೇಳಿದೀನಿ, ಪಕ್ಕದ ಕುರ್ಚಿಯೋರು ಹೇಳೋದನ್ನೂ ಕೇಳಿದೀನಿ. ಪರ್ಚೇಸ್‌ನೋರಿಗೆ ಅದಕ್ಕಿಂತ ಆರಾಮಾದ ಉತ್ತರ ಇನ್ನೊಂದಿಲ್ಲ. ನಿಮ್ಮ ಟೀಮ್ ಸರಿ ಇಲ್ಲ, ನಿಮ್ಮ ಪ್ರಪೋಸಲ್ ಓದೋಕೆ ಆಗಲಿಲ್ಲ, ಪ್ರೆಸೆಂಟೇಶನ್‌ಗೆ ಬಂದ ನಿಮ್ಮ ಮ್ಯಾನೇಜರ್‌ಗೆ ಏನೂ ಗೊತ್ತಿರಲಿಲ್ಲ ಅಂತ ಮುಖಕ್ಕೆ ಹೇಳಿದ್ರೆ ನೀವು ಜಗಳಕ್ಕೆ ನಿಲ್ಬಹುದು, ಮೇಲಿನೋರಿಗೆ ದೂರು ಬರೀಬಹುದು. ರೇಟ್ ಅಂದ್ರೆ ಯಾರೂ ಜಗಳ ಆಡಲ್ಲ. ಇನ್ನೊಂದು ಲಾಭಾನೂ ಇದೆ ಅದರಲ್ಲಿ, ಸೋತ ನಾಲ್ಕೂ ಜನಕ್ಕೆ ರೇಟ್ ಜಾಸ್ತಿ ಆಯ್ತು ಅಂತ ಹೇಳಿ ಕಳಿಸಿದ್ರೆ ಮುಂದಿನ ಸಲ ನಾಲ್ಕೂ ಜನ ತಾವಾಗೇ ಇಳಿಸ್ಕೊಂಡು ಬರ್ತಾರೆ, ನೆಗೋಶಿಯೇಶನ್ ಮಾಡೋ ಕೆಲಸಾನೇ ಉಳೀತು. ಸುಳ್ಳು ಅಂತ ಹೇಳ್ತಿಲ್ಲ, ಎಷ್ಟೋ ಸಲ ನಿಜಾನೇ ಇರುತ್ತೆ. ಆದ್ರೆ ನಿಜಾನಾ ಅಲ್ವಾ ಅಂತ ಲೆಕ್ಕ ಹಾಕಿ ನೋಡಬಹುದು, ಅದನ್ನ ಯಾರೂ ಮಾಡಲ್ಲ.

ಒಂದು ಕೇಸ್ ಇಟ್ಕೊಂಡು ನೋಡೋಣ. ಪೀಣ್ಯದ್ದೇ ಒಂದು ಕಂಪನಿ, ಹೆಸರು ಬೇಡ, ಆಫೀಸ್ ಕ್ಯಾಂಪಸ್‌ಗಳಲ್ಲಿ ಜನರೇಟರ್, ಚಿಲ್ಲರ್, ಯುಪಿಎಸ್, ಪಂಪು ಇವನ್ನೆಲ್ಲ ನೋಡ್ಕೊಳ್ಳೋ ಕೆಲಸ ಅವರದ್ದು. ಔಟರ್ ರಿಂಗ್ ರೋಡಲ್ಲಿರೋ ಒಂದು ಪ್ರೈವೇಟ್ ಕಂಪನಿ ಕ್ಯಾಂಪಸ್‌ನ ಮೇಂಟೆನೆನ್ಸ್‌ಗೆ ಟೆಂಡರ್ ಕರೆದಿದ್ರು, ಸುಮಾರು 40 ಜನ ಟೆಕ್ನಿಷಿಯನ್‌ಗಳು ಬೇಕಾದ ಕೆಲಸ. ಇವರು ವರ್ಷಕ್ಕೆ 1.42 ಕೋಟಿ ಕೋಟ್ ಮಾಡಿದ್ರು. ಒಂದಿನ ರಿಗ್ರೆಟ್ ಮೇಲ್ ಬಂತು. ಫೋನ್ ಮಾಡಿ ಕೇಳಿದ್ರೆ ಗೊತ್ತಲ್ಲ, ರೇಟು. ಓನರ್ ಮುಂದಿನ ಬಿಡ್‌ಗೆ ಒಬ್ಬ ಸೂಪರ್‌ವೈಸರ್‌ನ ಕಮ್ಮಿ ಮಾಡಿ ಏಳೆಂಟು ಲಕ್ಷ ಇಳಿಸೋಣ ಅಂತ ಕೂತಿದ್ರು. ನಾನು ಹೇಳ್ದೆ, ಸಾರ್ ಸ್ವಲ್ಪ ತಡೀರಿ, ಮೊದಲು ಡಿಬ್ರೀಫ್ ಕೇಳೋಣ.

ಮೇಲ್ ಹೇಗೆ ಬರೆದ್ವಿ ಅನ್ನೋದು ಮುಖ್ಯ. ಮೇಲ್ ಇಂಗ್ಲಿಷಲ್ಲೇ ಹೋಗೋದು, ಅದರ ಒಳಗಿದ್ದ ವಿಷಯ ಇಷ್ಟೇ: ನಿಮ್ಮ ತೀರ್ಮಾನ ತಿಳೀತು, ಅವಕಾಶ ಕೊಟ್ಟಿದ್ದಕ್ಕೆ ಥ್ಯಾಂಕ್ಸ್, ಈ ತೀರ್ಮಾನವನ್ನ ನಾವು ಪ್ರಶ್ನೆ ಮಾಡ್ತಿಲ್ಲ, ಗೆದ್ದೋರ ಬಗ್ಗೆ ಅವರ ರೇಟಿನ ಬಗ್ಗೆ ಏನೂ ಕೇಳಲ್ಲ, ನಮ್ಮ ಪ್ರಪೋಸಲ್‌ಗೆ ನಿಮ್ಮ ಒಂದೊಂದು ಹೆಡ್ಡಿಂಗಲ್ಲೂ ಎಷ್ಟು ಮಾರ್ಕ್ಸ್ ಬಂತು, ಯಾಕೆ ಕಮ್ಮಿ ಬಂತು ಅಂತ ಅರ್ಧ ಗಂಟೆ ಮಾತಾಡೋಕೆ ಆಗುತ್ತಾ, ಮಾರ್ಕ್ಸ್ ಕೊಟ್ಟೋರಲ್ಲಿ ಒಬ್ರು ಕೂತ್ರೆ ತುಂಬಾ ಉಪಯೋಗ ಆಗುತ್ತೆ, ಗೆದ್ದೋರಿಗೆ ಪರ್ಚೇಸ್ ಆರ್ಡರ್, ಅಂದ್ರೆ ಪಿಒ ಆದ ಮೇಲೆ ನಿಮಗೆ ಅನುಕೂಲ ಆದ ದಿನ ಬರ್ತೀವಿ.

ಇದರಲ್ಲಿ ಎರಡು ಮಾತಿಗೆ ಕಾರಣ ಇದೆ. ಒಂದು, ಪಿಒ ಆದ ಮೇಲೆ ಅನ್ನೋದು. ಮೇಲ್ ಮಾತ್ರ ರಿಗ್ರೆಟ್ ಬಂದ ಎರಡು ಮೂರು ದಿನದೊಳಗೇ ಹೋಗ್ಬೇಕು, ತಿಂಗಳು ಬಿಟ್ರೆ ಅವರು ಆ ಫೈಲೇ ಮರೆತಿರ್ತಾರೆ. ಆದ್ರೆ ಗೆದ್ದೋರು ಇನ್ನೂ ಸೈನ್ ಹಾಕಿರಲ್ಲ, ಅವರು ಕೊನೇ ಘಳಿಗೇಲಿ ಹಿಂದೆ ಸರಿದ್ರೆ ಎರಡನೇ ಸ್ಥಾನದಲ್ಲಿರೋ ನಿಮಗೇ ಫೋನ್ ಬರಬಹುದು, ಆ ಬಾಗಿಲು ಮುಚ್ಚೋ ತನಕ ಪರ್ಚೇಸ್‌ನೋರು ಯಾವ ಮಾತನ್ನೂ ಬಿಚ್ಚಿ ಆಡಲ್ಲ. ಆಗ ಹೋದ್ರೆ ನಿಮಗೆ ಸಿಗೋದು ಕಾಫಿ ಅಷ್ಟೇ. ಪಿಒ ರಿಲೀಸ್ ಆಗಿ ಒಂದು ವಾರ ಆದ ಮೇಲೆ ಅದೇ ಮನುಷ್ಯ ಬೇರೆ ಥರ ಮಾತಾಡ್ತಾರೆ.

ಎರಡನೇದು, ಮಾರ್ಕ್ಸ್ ಕೊಟ್ಟೋರು ಬೇಕು ಅನ್ನೋದು. ನಿಮ್ಮ ಫೋನಲ್ಲಿರೋ ನಂಬರ್ ಪರ್ಚೇಸ್‌ನೋರದ್ದು. ಆದ್ರೆ ಟೆಕ್ನಿಕಲ್ ಮಾರ್ಕ್ಸ್ ಹಾಕೋದು ಯೂಸರ್ ಡಿಪಾರ್ಟ್‌ಮೆಂಟ್‌ನೋರು, ಅಂದ್ರೆ ನಾಳೆ ಆ ಜನರೇಟರ್ ಪಕ್ಕ ನಿಂತು ಒದ್ದಾಡೋ ಇಂಜಿನಿಯರ್. ಪರ್ಚೇಸ್‌ನೋರ ಕೈಲಿ ಬರೀ ನಂಬರ್ ಇರುತ್ತೆ, ಆ ನಂಬರ್ ಯಾಕೆ ಬಂತು ಅನ್ನೋದು ಇಂಜಿನಿಯರ್ ತಲೇಲಿ ಇರುತ್ತೆ.

ಮೂರು ವಾರ ಆದ ಮೇಲೆ ಕರೆದ್ರು. ನಮ್ಮ ಕಡೆಯಿಂದ ಇಬ್ರೇ ಹೋಗಿದ್ದು, ಓನರ್ ಮತ್ತೆ ನಾನು. ಪ್ರಪೋಸಲ್ ಬರೆದ ಹುಡುಗನ್ನ ಬೇಕಂತಲೇ ಕರ್ಕೊಂಡು ಹೋಗಲಿಲ್ಲ, ತಾನು ಬರೆದಿದ್ದನ್ನ ಬೇರೆಯೋರು ತಪ್ಪು ಅಂದ್ರೆ ಯಾರಿಗಾದ್ರೂ ಬಾಯಿ ಕಟ್ಕೊಂಡು ಕೂರೋಕೆ ಆಗಲ್ಲ. ಒಬ್ರು ಕೇಳೋದು, ಒಬ್ರು ಬರ್ಕೊಳ್ಳೋದು ಅಂತ ಮೊದಲೇ ಮಾತಾಡ್ಕೊಂಡಿದ್ವಿ. ಆ ಕಡೆ ಪರ್ಚೇಸ್ ಮೇಡಂ ಒಬ್ರು, ಪ್ಲಾಂಟ್ ನೋಡ್ಕೊಳ್ಳೋ ಇಂಜಿನಿಯರ್ ಒಬ್ರು. ಮೇಡಂ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್ ಶೀಟ್ ಓಪನ್ ಮಾಡಿ, ನಮ್ಮ ಕಡೆ ತಿರುಗಿಸೋಕೆ ಮುಂಚೆ ಬೇರೆ ಬಿಡ್ಡರ್‌ಗಳ ಕಾಲಮ್ ಎಲ್ಲ ಹೈಡ್ ಮಾಡಿದ್ರು. ಮೇಲೆ ಅಕ್ಷರ `D` ಆದ ಮೇಲೆ ಸೀದಾ `H` ಇತ್ತು. ಮೂರು ಕಾಲಮ್ ಕಾಣಿಸ್ತಿಲ್ಲ ಅಂತ ನಮಗೂ ಗೊತ್ತು, ನಮಗೆ ಗೊತ್ತಾಯ್ತು ಅಂತ ಮೇಡಂಗೂ ಗೊತ್ತು. ಓನರ್ ಏನೂ ಮಾತಾಡಲಿಲ್ಲ, ಅದು ಒಳ್ಳೇದಾಯ್ತು. ಮೇಲ್‌ನಲ್ಲಿ ಬೇರೆಯೋರ ಬಗ್ಗೆ ಕೇಳಲ್ಲ ಅಂದಿದ್ವಲ್ಲ, ಅದನ್ನ ಮೊದಲ ಎರಡು ನಿಮಿಷದಲ್ಲೇ ಅವರು ಪರೀಕ್ಷೆ ಮಾಡಿದಂಗೆ ಆಯ್ತು.

ಮೊದಲು ಮೇಡಂ ಹೇಳಿದ್ದು ಅದೇ ಹಳೇ ಮಾತು, "ಓವರಾಲ್ ಚೆನ್ನಾಗಿತ್ತು ಸಾರ್, ಕಮರ್ಷಿಯಲ್‌ನಲ್ಲಿ ಸ್ವಲ್ಪ..." ಅಂತ. ಅಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ. "ಮೇಡಂ, ಕಮರ್ಷಿಯಲ್‌ನಲ್ಲಿ ನಮಗೆ ನೂರಕ್ಕೆ ಎಷ್ಟು ಬಂತು?" ಮೇಡಂ ಶೀಟ್ ನೋಡಿ ಒಂದು ಸೆಕೆಂಡ್ ಸುಮ್ನಾದ್ರು. ನೂರಕ್ಕೆ ನೂರು ಇತ್ತು. ಎಲ್ಲರಿಗಿಂತ ಕಮ್ಮಿ ರೇಟ್ ನಮ್ದೇ!

ಅಲ್ಲಿಂದ ಆಮೇಲೆ ಅವರೇ ನಕ್ಕು, ಗೆದ್ದೋರ ಹೆಸರು ಹೇಳದೇ ಅವರ ಒಟ್ಟು ಟೆಕ್ನಿಕಲ್ ಮಾರ್ಕ್ಸ್ ಮಾತ್ರ ಹೇಳಿದ್ರು, ಅವರ ರೇಟ್ 1.51 ಕೋಟಿ ಅಂತ ನಮಗೆ ಅಷ್ಟೊತ್ತಿಗೆ ಮಾರ್ಕೆಟ್ಟಲ್ಲಿ ಗೊತ್ತಾಗಿತ್ತು. ಬೋರ್ಡ್ ಮೇಲೆ ಬರೀತೀನಿ ನೋಡಿ, ಟೆಂಡರ್ ಡಾಕ್ಯುಮೆಂಟಲ್ಲೇ ಟೆಕ್ನಿಕಲ್‌ಗೆ 60, ಕಮರ್ಷಿಯಲ್‌ಗೆ 40 ಅಂತ ತೂಕ ಹಾಕಿದ್ರು. ಕಮರ್ಷಿಯಲ್ ಮಾರ್ಕ್ಸ್ ಅಂದ್ರೆ ಎಲ್ಲಕ್ಕಿಂತ ಕಮ್ಮಿ ರೇಟನ್ನ ನಿಮ್ಮ ರೇಟಿಂದ ಭಾಗಿಸಿ ನೂರರಿಂದ ಗುಣಿಸೋದು.

```
ನಾವು:     0.6 × 68 + 0.4 × 100  = 80.8
ಗೆದ್ದೋರು: 0.6 × 84 + 0.4 × 94.0 = 88.0
```

ಈಗ ನೀವೇ ಹೇಳಿ, ಎಷ್ಟು ರೇಟ್ ಇಳಿಸಿದ್ರೆ ನಾವು ಗೆಲ್ತಿದ್ವಿ? ಟೆಕ್ನಿಕಲ್ 68ರಲ್ಲೇ ಇದ್ರೆ, ನಮ್ಮ ರೇಟ್ ಇಳಿದಂಗೆ ಅವರ ಕಮರ್ಷಿಯಲ್ ಮಾರ್ಕ್ಸ್ ಇಳೀಬೇಕು, ಅದು 94ರಿಂದ 76ಕ್ಕೆ ಬರೋ ತನಕ. 1.51 ಕೋಟಿಯ ನೂರಕ್ಕೆ 76 ಅಂದ್ರೆ ಸುಮಾರು 1.15 ಕೋಟಿ. ಅಂದ್ರೆ 27 ಲಕ್ಷ ಇಳಿಸಬೇಕಿತ್ತು. ಈ ಕೆಲಸದಲ್ಲಿ ಬಹುಪಾಲು ದುಡ್ಡು ಹೋಗೋದೇ ಸಂಬಳಕ್ಕೆ, ಅದರ ಮೇಲೆ ಮಾಲೀಕರ ಪಾಲಿನ ಪಿಎಫ್, ಅದರ ವಿಮೆ, ಆಡಳಿತ ಶುಲ್ಕ ಸೇರಿ 13 ಪರ್ಸೆಂಟ್, ಇಎಸ್‌ಐ ಬರೋರಿಗೆ 3.25 ಪರ್ಸೆಂಟ್, ಬೋನಸ್ 8.33, ಇವನ್ನೆಲ್ಲ ಮುಟ್ಟೋ ಹಾಗಿಲ್ಲ. 40 ಜನರ ಸಂಬಳ ಮತ್ತೆ ಈ ಕಾನೂನಿನ ಖರ್ಚು ಸೇರಿದ್ರೆ ಈ ಕಂಪನಿಗೆ ಅದೇ 1.2 ಕೋಟಿ ಹತ್ರ ಆಗ್ತಿತ್ತು. 27 ಲಕ್ಷ ಇಳಿಸಿದ್ರೆ ಸಂಬಳಾನೇ ಹುಟ್ಟಲ್ಲ. ಓನರ್ ಏಳೆಂಟು ಲಕ್ಷ ಇಳಿಸೋಣ ಅಂತ ಇದ್ರಲ್ಲ, ಅದರಿಂದ ಸೋಲೋ ಜಾಗದಲ್ಲೇ ಇನ್ನೂ ಕಮ್ಮಿ ದುಡ್ಡಿಗೆ ಸೋಲ್ತಿದ್ರು. ಜೊತೆಗೆ ಸೂಪರ್‌ವೈಸರ್ ತೆಗೆದ್ರೆ ಟೆಕ್ನಿಕಲ್ 68 ಇರೋದೂ ಇನ್ನೂ ಕೆಳಗೆ.

ಈ ಲೆಕ್ಕ ಮನೇಲಿ ಕೂತು ಯಾರು ಬೇಕಾದ್ರೂ ಹಾಕಬಹುದು, ಗೆದ್ದೋರ ರೇಟ್ ಮಾರ್ಕೆಟ್ಟಲ್ಲಿ ಗೊತ್ತಾಗಿದ್ರೆ ಇನ್ನು ಬೇಕಾಗಿರೋದು ನಿಮ್ಮ ಟೆಕ್ನಿಕಲ್ ಮಾರ್ಕ್ಸ್ ಮತ್ತೆ ಗೆದ್ದೋರ ಒಟ್ಟು ಟೆಕ್ನಿಕಲ್ ಮಾರ್ಕ್ಸ್, ಆ ಎರಡು ನಂಬರ್. ಡಿಬ್ರೀಫಲ್ಲಿ ಬೇರೇನೂ ಸಿಗದೇ ಇದ್ರೂ ಅವೆರಡನ್ನ ಮಾತ್ರ ಬಿಡಬೇಡಿ.

ಈಗ ಆ 68 ಎಲ್ಲಿಂದ ಬಂತು. ಐದು ಹೆಡ್ಡಿಂಗ್ ಇದ್ವು. ಟೀಮ್‌ಗೆ 25ಕ್ಕೆ 19, ಹಳೇ ಕೆಲಸದ ಅನುಭವಕ್ಕೆ 20ಕ್ಕೆ 16, ಸೇಫ್ಟಿ ಮತ್ತೆ ಲೇಬರ್ ಕಾನೂನಿಗೆ 15ಕ್ಕೆ 13, ರಿಪೋರ್ಟಿಂಗ್‌ಗೆ 15ಕ್ಕೆ 11. ಇವೆಲ್ಲ ಪರವಾಗಿಲ್ಲ. ಟ್ರಾನ್ಸಿಶನ್ ಪ್ಲಾನ್, ಅಂದ್ರೆ ಹಳೇ ವೆಂಡರ್ ಹೋಗಿ ನೀವು ಬರೋವಾಗ ಕೆಲಸ ಹೇಗೆ ಕೈಗೆ ತಗೋತೀರ ಅನ್ನೋದು, ಅದಕ್ಕೆ 25ಕ್ಕೆ 9. ಎಲ್ಲ ಹೋಗಿದ್ದು ಅಲ್ಲೇ.

ಇಲ್ಲೇ ನಮ್ಮ ಜನ ಎಡವೋದು. ಓನರ್ ತಕ್ಷಣ ಬಾಯಿ ತೆಗೆದು "ಅದು ಪೇಜ್ 34ರಲ್ಲಿ ಇದೆಯಲ್ಲ ಮೇಡಂ" ಅಂದೇಬಿಟ್ರು. ಮೇಡಂ ಮುಖ ಬಿಗಿಯಾಯ್ತು, ಲ್ಯಾಪ್‌ಟಾಪ್ ಸ್ವಲ್ಪ ತಮ್ಮ ಕಡೆ ತಿರುಗಿಸ್ಕೊಂಡ್ರು. ಡಿಬ್ರೀಫ್ ಮುಗಿಯೋದು ಹೀಗೇ, ನೀವು ಒಂದು ಸಲ ವಾದಕ್ಕೆ ಇಳಿದ್ರೆ ಅವರು ಆಮೇಲಿಂದ ವಕೀಲರ ಮುಂದೆ ಮಾತಾಡೋ ಥರ ಅಳೆದು ಅಳೆದು ಮಾತಾಡ್ತಾರೆ. ನಾನು ಮಧ್ಯ ಬಂದು ಅದೇ ಮಾತನ್ನ ತಿರುಗಿಸಿ ಇಂಜಿನಿಯರ್‌ಗೆ ಕೇಳ್ದೆ, "ಸಾರ್, ಪೇಜ್ 34ರಲ್ಲಿ ನಾವು ಬರೆದಿದ್ದು ನಿಮಗೆ ಬೇಕಾದ್ದಕ್ಕೆ ಉತ್ತರ ಆಗಲಿಲ್ಲ ಅನ್ಸುತ್ತೆ, 25ಕ್ಕೆ 20 ತಗೊಳ್ಳೋರು ಅಲ್ಲಿ ಏನು ಬರೆದಿರ್ತಾರೆ?" ಬೇರೆ ಬಿಡ್ಡರ್ ಏನು ಬರೆದ್ರು ಅಂತ ಕೇಳಲಿಲ್ಲ ಗಮನಿಸಿ, ಅದನ್ನ ಅವರು ಹೇಳೋ ಹಾಗಿಲ್ಲ. ಒಳ್ಳೇ ಉತ್ತರ ಹೇಗಿರುತ್ತೆ ಅಂತ ಕೇಳಿದ್ದು, ಅದಕ್ಕೆ ಅವರು ಧಾರಾಳವಾಗಿ ಉತ್ತರ ಕೊಡಬಹುದು.

ಆ ಇಂಜಿನಿಯರ್ ಅದುವರೆಗೂ ಟೀ ಕುಡೀತಾ ಸುಮ್ನೆ ಕೂತಿದ್ದೋರು ಶುರು ಮಾಡಿದ್ರು ನೋಡಿ. ಅವರಲ್ಲಿ ಹಿಂದಿನ ಸಲ ವೆಂಡರ್ ಬದಲಾದಾಗ ಮೊದಲ ಸೋಮವಾರ ಬೆಳಗ್ಗೆ ಶಿಫ್ಟ್‌ಗೆ ಅರ್ಧ ಜನ ಬಂದಿರಲಿಲ್ಲ, ಹೊಸ ಕಂಪನಿ ಹಳೇ ಹುಡುಗರನ್ನ ತಗೋತೀವಿ ಅಂತ ಹೇಳಿ ಪಿಎಫ್ ನಂಬರ್, ಗ್ರಾಚ್ಯುಟಿ ವಿಷಯ ಏನೂ ಇತ್ಯರ್ಥ ಮಾಡಿರಲಿಲ್ಲ, ಹುಡುಗರು ಸಿಟ್ಟು ಮಾಡ್ಕೊಂಡು ಮನೇಲಿ ಕೂತಿದ್ರು. ಅದೇ ದಿನ ಕರೆಂಟ್ ಹೋಯ್ತು, ಜನರೇಟರ್ ಸ್ಟಾರ್ಟ್ ಆಗಲಿಲ್ಲ, ಬ್ಯಾಟರಿ ಸತ್ತಿತ್ತು. ಹಳೇ ವೆಂಡರ್ "ನಾವು ಕೊಡೋವಾಗ ಚೆನ್ನಾಗೇ ಇತ್ತು" ಅಂದ, ಹೊಸಬರು "ನಮಗೆ ಸಿಕ್ಕಾಗಲೇ ಹೀಗಿತ್ತು" ಅಂದ್ರು, ನಡುವೆ ಸಿಕ್ಕಿ ಬೈಸ್ಕೊಂಡಿದ್ದು ಇವರು. "ಅದಕ್ಕೇ ಸಾರ್ ಈ ಸಲ 25 ಮಾರ್ಕ್ಸ್ ಅದಕ್ಕೇ ಇಡಿ ಅಂತ ನಾನೇ ಹಠ ಮಾಡಿದ್ದು" ಅಂದ್ರು.

ಈ ಕಥೆ ಟೆಂಡರ್ ಡಾಕ್ಯುಮೆಂಟಲ್ಲಿ ಎಲ್ಲೂ ಇಲ್ಲ. ಇರೋದೂ ಇಲ್ಲ, ಯಾವ ಕಂಪನಿನೂ ತನ್ನ ಗಾಯ ತೋರಿಸಿ ಟೆಂಡರ್ ಬರೆಯಲ್ಲ. ಅಲ್ಲಿ ಇದ್ದದ್ದು "ಟ್ರಾನ್ಸಿಶನ್ ಪ್ಲಾನ್, 25" ಅಂತ ಒಂದೇ ಸಾಲು. ನಮ್ಮವರು ಅಲ್ಲಿಗೆ ಹಳೇ ಬಿಡ್‌ನಿಂದ ಒಂದು ಪೇಜ್ ಎತ್ತಿ ಹಾಕಿದ್ರು, ಬಾಣದ ಗುರುತಿನ ಚಿತ್ರ, ಮೊಬಿಲೈಸೇಶನ್, ಸ್ಟೆಬಿಲೈಸೇಶನ್ ಅಂತೆಲ್ಲ. ಇಂಜಿನಿಯರ್‌ಗೆ ಬೇಕಾಗಿದ್ದದ್ದು ಏನಂದ್ರೆ, ಹಳೇ ವೆಂಡರ್ ಇರೋವಾಗಲೇ ಮೂರೂ ಕಡೆಯೋರು ನಿಂತು ಒಂದೊಂದು ಮಷಿನ್ ಚೆಕ್ ಮಾಡಿ, ಜನರೇಟರ್ ಎಷ್ಟು ಗಂಟೆ ಓಡಿದೆ, ಬ್ಯಾಟರಿ ವೋಲ್ಟೇಜ್ ಎಷ್ಟು, ಚಿಲ್ಲರ್‌ಲಿ ಯಾವ ರಿಪೇರಿ ಬಾಕಿ ಇದೆ ಅಂತ ಬರೆದು ಮೂರೂ ಜನ ಸೈನ್ ಹಾಕೋದು. ಈಗಿರೋ ಹುಡುಗರಲ್ಲಿ ಎಷ್ಟು ಜನನ್ನ ತಗೋತೀರ, ಅವರ ಪಿಎಫ್ ಅದೇ ಯುಎಎನ್ ನಂಬರಲ್ಲಿ ಮುಂದುವರಿಯುತ್ತೆ ಅಂತ ಅವರಿಗೆ ಯಾರು ಯಾವತ್ತು ಕೂರಿಸ್ಕೊಂಡು ಹೇಳ್ತೀರ, ಹಳೇ ಕಂಪನಿಯಿಂದ ಗ್ರಾಚ್ಯುಟಿ ಬಾಕಿ ಇದ್ರೆ ಯಾರು ಕೇಳಿ ಕೊಡಿಸ್ತಾರೆ. ಲೇಬರ್ ಲೈಸೆನ್ಸ್‌ಗೆ ನಮ್ಮಿಂದ ಏನು ಪೇಪರ್ ಬೇಕು, ಯಾವಾಗ ಬೇಕು. ಕೊನೇ ಒಂದು ವಾರ ನಿಮ್ಮ ಶಿಫ್ಟ್ ಇನ್‌ಚಾರ್ಜ್ ಹಳೆಯೋರ ಜೊತೆ ರಾತ್ರಿ ಪಾಳಿಲಿ ಕೂರ್ತಾರಾ ಇಲ್ವಾ. ಇವೆಲ್ಲ ಮಾಡೋದು ನಮ್ಮ ಓನರ್‌ಗೆ ಗೊತ್ತಿಲ್ಲದ್ದೇನಲ್ಲ, ಪ್ರತಿ ಸೈಟ್‌ನಲ್ಲೂ ಮಾಡೋರೇ, ಆದ್ರೆ ಬಿಡ್‌ನಲ್ಲಿ ಒಂದು ಅಕ್ಷರ ಇರಲಿಲ್ಲ.

ಕೊನೇಲಿ ಇನ್ನೊಂದು ಪ್ರಶ್ನೆ ಕೇಳಿದ್ವಿ, ಇದನ್ನ ಕೇಳೋಕೆ ಧೈರ್ಯ ಬೇಕು. "ಮಾರ್ಕ್ಸ್ ಶೀಟಲ್ಲಿ ಇಲ್ಲದೇ ಇರೋದು, ಆದ್ರೆ ನಮ್ಮ ಬಗ್ಗೆ ನಿಮಗೆ ಅನುಮಾನ ಹುಟ್ಟಿಸಿದ್ದು ಏನಾದ್ರೂ ಇದ್ಯಾ?" ಕೇಳಿ ಸುಮ್ನೆ ಕೂರಬೇಕು, ಆ ಮೌನ ತಡ್ಕೊಳ್ಳಕ್ಕಾಗದೇ ನೀವೇ ಮಾತಾಡಿದ್ರೆ ಉತ್ತರ ಬರಲ್ಲ. ಮೇಡಂ ಇಂಜಿನಿಯರ್ ಮುಖ ನೋಡಿದ್ರು, ಇಂಜಿನಿಯರ್ ಹೇಳಿದ್ರು, ಸೈಟ್ ವಿಸಿಟ್‌ಗೆ ನಿಮ್ಮ ಕಡೆಯಿಂದ ಬಂದೋರು ಪ್ಲಾಂಟ್ ರೂಮ್ ಒಳಗೇ ಬರಲಿಲ್ಲ, ಬಾಗಿಲಲ್ಲಿ ಫೋಟೋ ತೆಗೆದು ಹೊರಟ್ರು ಅಂತ. ಮಾರ್ಕ್ಸ್ ಇಲ್ಲ ಅದಕ್ಕೆ. ಆದ್ರೆ ಅದನ್ನ ನೋಡಿದ ಮನುಷ್ಯ ಟ್ರಾನ್ಸಿಶನ್‌ಗೆ 9 ಹಾಕೋವಾಗ ಅದು ತಲೇಲಿ ಇರಲ್ವಾ?

ಹೊರಗೆ ಬಂದು ಅದೇ ದಿನ ಸಂಜೆ ಒಂದು ಥ್ಯಾಂಕ್ಸ್ ಮೇಲ್ ಹಾಕಿದ್ವಿ, ಅದರಲ್ಲಿ ನಮಗೆ ಅರ್ಥ ಆಗಿದ್ದು ಇಷ್ಟು ಅಂತ ಐದಾರು ಸಾಲು, ತಪ್ಪಿದ್ರೆ ತಿದ್ದಿ ಅಂತ. ಇಂಜಿನಿಯರ್ ಒಂದು ಸಾಲು ಸೇರಿಸಿ ವಾಪಸ್ ಕಳಿಸಿದ್ರು, ಸ್ಪೇರ್ ಪಾರ್ಟ್ಸ್ ಸ್ಟಾಕ್ ಎಣಿಕೆನೂ ಆ ಜಾಯಿಂಟ್ ಇನ್‌ಸ್ಪೆಕ್ಷನಲ್ಲೇ ಬರಬೇಕು ಅಂತ. ಈಗ ಆ ಕಂಪನಿಯ ಬಿಡ್‌ನಲ್ಲಿ ಟ್ರಾನ್ಸಿಶನ್ ಅನ್ನೋದು ಮೂರು ಪೇಜ್, ದಿನದ ಲೆಕ್ಕದಲ್ಲಿ. ಆ ಸೂಪರ್‌ವೈಸರ್ ಇನ್ನೂ ಲೆಕ್ಕದಲ್ಲೇ ಇದಾರೆ. ಮುಂದಿನ ಟೆಂಡರ್ ಗೆದ್ರಾ ಅಂತ ಕೇಳ್ತೀರ ನೀವು, ಇನ್ನೂ ರಿಸಲ್ಟ್ ಬಂದಿಲ್ಲ.

ಈಗ ಸರ್ಕಾರಿ ಟೆಂಡರ್ ವಿಷಯ, ಇಲ್ಲಿ ಅರ್ಧ ಜನ ಅದನ್ನೇ ಹಾಕೋರು ಅಂತ ಗೊತ್ತು. ಅಲ್ಲಿ ಆಟ ಬೇರೆ. ಬಹಳಷ್ಟು ಕಡೆ ಟೆಕ್ನಿಕಲ್ ಪಾಸ್ ಅಥವಾ ಫೇಲ್, ಪಾಸ್ ಆದೋರಲ್ಲಿ ಕಮ್ಮಿ ರೇಟ್‌ನೋರು ಎಲ್ ಒನ್. ಎಲ್ಲರ ರೇಟೂ ಪೋರ್ಟಲಲ್ಲೇ ಕಾಣುತ್ತೆ, ಅಲ್ಲಿ ರೇಟಲ್ಲಿ ಸೋತಿದ್ರೆ ಕೇಳೋಕೆ ಏನೂ ಇಲ್ಲ, ಬಿಟ್ಟಾಕಿ. ಕೇಳಬೇಕಾದ್ದು ಟೆಕ್ನಿಕಲ್‌ನಲ್ಲೇ ಹೊರಗೆ ಹಾಕಿದ್ರೆ, ಯಾವ ಷರತ್ತು, ಯಾವ ಪೇಪರ್ ಅಂತ. ಟರ್ನೋವರ್ ಸರ್ಟಿಫಿಕೇಟ್ ಹಾಕಿದ್ವಿ, ಸ್ಕ್ಯಾನ್ ಕಾಪಿ ಓದೋಕೆ ಆಗ್ತಿರಲಿಲ್ಲ, ಈ ಥರದ್ದೇ ಜಾಸ್ತಿ ಇರುತ್ತೆ.

ಆದ್ರೆ ಒಂದು ವಿಷಯದಲ್ಲಿ ಹುಷಾರು. ನಮ್ಮ ರಾಜ್ಯದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, ಕೆಟಿಪಿಪಿ ಅಂತೀವಲ್ಲ, ಅದರ 16ನೇ ಸೆಕ್ಷನ್‌ನಲ್ಲಿ ಅಪೀಲ್‌ಗೆ ಅವಕಾಶ ಇದೆ, ಆದೇಶ ಕೈಗೆ ಬಂದ ದಿನದಿಂದ 30 ದಿನ. ನೀವು ಮರ್ಯಾದೆಯಿಂದ ಡಿಬ್ರೀಫ್ ಕೇಳಿ ಲೆಟರ್ ಕೊಟ್ಟು, ಸಾಹೇಬ್ರು ಮೀಟಿಂಗಲ್ಲಿದಾರೆ, ಮುಂದಿನ ವಾರ ಬನ್ನಿ, ಫೈಲ್ ಮೇಲಕ್ಕೆ ಹೋಗಿದೆ ಅನ್ನೋದನ್ನ ಕೇಳ್ಕೊಂಡು ಓಡಾಡ್ತಾ ಇದ್ರೆ ಆ 30 ದಿನ ಕಳೆದುಹೋಗುತ್ತೆ. ಡಿಬ್ರೀಫ್ ಕೇಳಿದೀನಿ ಅಂತ ಆ ಗಡಿಯಾರ ನಿಲ್ಲಲ್ಲ. ಅನ್ಯಾಯ ಆಗಿದೆ ಅಂತ ನಿಜವಾಗ್ಲೂ ಅನಿಸಿದ್ರೆ ಆ ದಾರಿ ಬೇರೆ, ಮೊದಲ ದಿನಾನೇ ವಕೀಲರನ್ನ ನೋಡಿ, ಆಗ "ತೀರ್ಮಾನ ಪ್ರಶ್ನೆ ಮಾಡ್ತಿಲ್ಲ" ಅನ್ನೋ ಸಾಲು ಲೆಟರಲ್ಲಿ ಬರೀಬೇಡಿ. ಎರಡೂ ದೋಣಿ ಮೇಲೆ ಕಾಲಿಟ್ರೆ ಕಷ್ಟ.

ವಿಶ್ವ ಬ್ಯಾಂಕ್ ದುಡ್ಡಲ್ಲಿ ನಡೆಯೋ ಪ್ರಾಜೆಕ್ಟ್ ಆದ್ರೆ, ದೊಡ್ಡ ಟೆಂಡರ್‌ಗಳಲ್ಲಿ ಡಿಬ್ರೀಫ್ ಕೊಡೋದೇ ನಿಯಮವಾಗಿದೆ. ಯಾರಿಗೆ ಕೊಡ್ತೀವಿ ಅಂತ ಮೊದಲೇ ನೋಟಿಸ್ ಬರುತ್ತೆ, ಆ ನೋಟಿಸ್ ಬಂದ 3 ಕೆಲಸದ ದಿನದೊಳಗೆ ಬರವಣಿಗೇಲಿ ಡಿಬ್ರೀಫ್ ಕೇಳಿದ್ರೆ ಅವರು 5 ಕೆಲಸದ ದಿನದೊಳಗೆ ಕೊಡಬೇಕು, ಸಾಮಾನ್ಯವಾಗಿ 10 ಕೆಲಸದ ದಿನ ಕಾಂಟ್ರಾಕ್ಟ್ ಸೈನ್ ಮಾಡೋ ಹಾಗಿಲ್ಲ. ಮೂರು ದಿನ ಅಂದ್ರೆ ನೋಟಿಸ್ ಶುಕ್ರವಾರ ಬಂದು ನೀವು ಊರಿಗೆ ಹೋಗಿ ಮಂಗಳವಾರ ಆರಾಮಾಗಿ ಬಂದು ಇನ್‌ಬಾಕ್ಸ್ ನೋಡಿದ್ರೆ ಇನ್ನೊಂದೇ ದಿನ ಉಳಿದಿರುತ್ತೆ.

ಪ್ರಶ್ನೋತ್ತರದಲ್ಲಿ ಬಂದ ಎರಡು ಮೂರು ವಿಷಯ ಹೇಳಿ ನಿಲ್ಲಿಸ್ತೀನಿ.

ಒಬ್ರು ಹಿರಿಯರು ಕೇಳಿದ್ರು, "ಡಿಬ್ರೀಫ್ ಕೊಡಲ್ಲ ಅಂದ್ರೆ ಆರ್‌ಟಿಐ ಹಾಕಬಹುದಲ್ಲ?" ಹಾಕಬಹುದು, ಸರ್ಕಾರಿ ಕಚೇರಿ ಆದ್ರೆ. ಹತ್ತು ರೂಪಾಯಿ ಫೀಸು, ಉತ್ತರಕ್ಕೆ 30 ದಿನ. ನಿಮ್ಮ ಬಿಡ್‌ಗೆ ಬಂದ ಮಾರ್ಕ್ಸು, ಆಯ್ಕೆ ಸಮಿತಿ ನಡಾವಳಿ ಕೇಳಿ. ಬೇರೆಯೋರ ಪ್ರಪೋಸಲ್ ಕೇಳಿದ್ರೆ ಸೆಕ್ಷನ್ 8(1)(ಡಿ), ವ್ಯಾಪಾರದ ಗುಟ್ಟು ಅಂತ ನಿರಾಕರಿಸಬಹುದು. ಆದ್ರೆ ಸಾರ್, ಆರ್‌ಟಿಐನಲ್ಲಿ ನಿಮಗೆ 25ಕ್ಕೆ 9 ಅಂತ ಪೇಪರ್ ಸಿಗುತ್ತೆ, ಆ ಸೋಮವಾರದ ಜನರೇಟರ್ ಕಥೆ ಸಿಗಲ್ಲ. ಅದಕ್ಕೇ ಮೊದಲು ಹೋಗಿ ಕೇಳಿ, ಆರ್‌ಟಿಐ ಆಮೇಲೆ.

ಹಿಂದಿನ ಸಾಲಿಂದ ಒಬ್ಬ ಹುಡುಗ, "ನಿಜವಾಗ್ಲೂ ಫಿಕ್ಸ್ ಆಗಿದ್ರೆ ಹೇಗೆ ಗೊತ್ತಾಗುತ್ತೆ ಸಾರ್?" ಅಂದ. ಖಚಿತವಾಗಿ ಗೊತ್ತಾಗಲ್ಲ. ಆದ್ರೆ ಉತ್ತರದ ವಾಸನೆ ಬೇರೆ ಇರುತ್ತೆ. ಟೆಂಡರ್‌ನಲ್ಲಿ ಬರೆದ ಹೆಡ್ಡಿಂಗ್ ಹಿಡ್ಕೊಂಡು, ನಿಮ್ಮ ಬಿಡ್‌ನ ಯಾವ ಪೇಜು, ಏನು ಇರಲಿಲ್ಲ ಅಂತ ಮಾತಾಡಿದ್ರೆ ಯಾರೋ ಕೂತು ಓದಿದಾರೆ ಅಂತ ಅರ್ಥ. ಬರೀ "ಓವರಾಲ್ ಫಿಟ್", "ಮ್ಯಾನೇಜ್‌ಮೆಂಟ್ ತೀರ್ಮಾನ" ಅಂತಲೇ ತಿರುಗಿದ್ರೆ, ಮಾರ್ಕ್ಸ್ ಶೀಟ್ ಇದೆ ಅನ್ನೋದನ್ನೇ ಒಪ್ಪದೇ ಇದ್ರೆ, ಅಲ್ಲಿ ಮುಂದಿನ ಟೆಂಡರ್‌ಗೆ ಟೈಮ್ ಹಾಕೋಕೆ ಮುಂಚೆ ಎರಡು ಸಲ ಯೋಚನೆ ಮಾಡು. ಆದ್ರೂ ಒಂದೇ ಸಲಕ್ಕೆ ಫಿಕ್ಸ್ ಅಂತ ಷರಾ ಬರೀಬೇಡ, ಹಳೇ ವೆಂಡರ್ ಮೇಲೆ ಇರೋ ನಂಬಿಕೆನೂ ಹೊರಗಿಂದ ನೋಡೋರಿಗೆ ಹಾಗೇ ಕಾಣುತ್ತೆ.

ಇನ್ನೊಬ್ರು ಮೇಡಂ, ಯೂನಿಫಾರಂ ಹೊಲಿಸೋ ಯೂನಿಟ್ ಇಟ್ಕೊಂಡಿರೋರು, ಆನ್‌ಲೈನಲ್ಲಿ ಪೈಪೋಟಿ ಮೇಲೆ ರೇಟ್ ಇಳಿಸ್ತಾ ಹೋಗೋ ರಿವರ್ಸ್ ಆಕ್ಷನ್‌ನಲ್ಲಿ ಸೋತಿದ್ದು, ಅಲ್ಲಿ ಏನು ಕೇಳೋದು ಅಂದ್ರು. ಆಕ್ಷನ್‌ನಲ್ಲಿ ಕೊನೇ ಐದು ನಿಮಿಷ ನಿಮ್ಮ ರ‍್ಯಾಂಕ್ ನಿಮಗೇ ಕಾಣ್ತಿತ್ತು ಮೇಡಂ, ರೇಟಿನ ಬಗ್ಗೆ ಕೇಳೋಕೆ ಏನೂ ಉಳಿದಿಲ್ಲ. ಆದ್ರೆ ಆಕ್ಷನ್‌ಗೆ ಮುಂಚೆ ಸ್ಯಾಂಪಲ್ ಕೊಟ್ಟಿದ್ರಲ್ಲ, ಅದನ್ನ ಲ್ಯಾಬ್‌ನಲ್ಲಿ ಬಟ್ಟೆ ತೂಕ, ಬಣ್ಣ ಬಿಡೋದು ಎಲ್ಲ ಟೆಸ್ಟ್ ಮಾಡಿರ್ತಾರೆ, ಆ ರಿಪೋರ್ಟ್ ಕಾಪಿ ಕೇಳಿ. ಪಾಸ್ ಆಗಿದ್ರೂ ಕೇಳಿ. ಬೇಕಾದ್ದಕ್ಕಿಂತ ದಪ್ಪ ಬಟ್ಟೆ ಹಾಕಿ ನೀವೇ ರೇಟ್ ಏರಿಸ್ಕೊಂಡಿದ್ರಾ ಅನ್ನೋದು ಅಲ್ಲೇ ಗೊತ್ತಾಗುತ್ತೆ.